ಮೈನಸ್ ಮೂರು ಪೆಟ್ಟಿಗೆ ಮಾತ್ರೆ

ಆ ಬುಧವಾರ ಬೆಳಿಗ್ಗೆ ನಮ್ಮ ಟೆಸ್ಟರ್ ನನ್ನ ಮೇಜಿನ ಹತ್ತಿರ ಬಂದು ನಿಂತರು. "ಮೇಡಂ, ಗೋಡೌನಲ್ಲಿ ಮೈನಸ್ ಮೂರು ಪೆಟ್ಟಿಗೆ ಮಾತ್ರೆ ಇದೆ" ಅಂದರು. ನಾನು ನಕ್ಕೆ. ಅವರು ನಗಲಿಲ್ಲ.

ಬೆಂಗಳೂರಿನ ಒಂದು ಸಣ್ಣ ಕಂಪನಿ ನಮ್ಮದು. ಔಷಧಿ ಹೋಲ್‌ಸೇಲ್ ವ್ಯಾಪಾರಿಯೊಬ್ಬರಿಗೆ ಆರ್ಡರ್ ಮತ್ತು ಸ್ಟಾಕ್ ನೋಡಿಕೊಳ್ಳುವ ಸಾಫ್ಟ್‌ವೇರ್ ಬರೆಯುತ್ತಿದ್ದೆವು. ಆರು ಜನ. ಯಾರೂ ಹಿಂದೆ ಒಟ್ಟಿಗೆ ಕೆಲಸ ಮಾಡಿದವರಲ್ಲ. ನಾನು ಮೊದಲ ಸಲ ಲೀಡ್ ಆಗಿದ್ದೆ.

ಅಲ್ಲಿಯವರೆಗಿನ ನಾಲ್ಕು ವಾರ ಎಷ್ಟು ಚೆನ್ನಾಗಿತ್ತು ಅಂದರೆ, ಮನೆಯಲ್ಲಿ ಹೇಳಿಕೊಂಡು ತಿರುಗಿದ್ದೆ. ಏನು ಹೇಳಿದರೂ "ಆಯ್ತು ಮೇಡಂ". ಮೀಟಿಂಗ್ ಹತ್ತು ನಿಮಿಷದಲ್ಲಿ ಮುಗಿಯುತ್ತಿತ್ತು. ಊಟಕ್ಕೆ ಎಲ್ಲರೂ ಒಟ್ಟಿಗೆ ಹೋಗುತ್ತಿದ್ದೆವು, ಡಬ್ಬಿಯ ಪಲ್ಯ ಹಂಚಿಕೊಳ್ಳುತ್ತಿದ್ದೆವು. ಇಂಥ ಟೀಮ್ ಸಿಕ್ಕಿದ್ದು ನನ್ನ ಪುಣ್ಯ ಅಂದುಕೊಂಡಿದ್ದೆ.

ಅದು ಪುಣ್ಯವಲ್ಲ, ಫಾರ್ಮಿಂಗ್ ಅಂತ ಆಮೇಲೆ ಗೊತ್ತಾಯಿತು.

ಬ್ರೂಸ್ ಟಕ್‌ಮನ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞ 1965ರಲ್ಲಿ ಒಂದು ಲೇಖನ ಬರೆದ. ಸಣ್ಣ ಗುಂಪುಗಳು ಹೇಗೆ ಬೆಳೆಯುತ್ತವೆ ಎಂಬ ಬಗ್ಗೆ ಅಷ್ಟರಲ್ಲಿ ಪ್ರಕಟವಾಗಿದ್ದ ಸುಮಾರು 50 ಬರಹಗಳನ್ನು ಓದಿ, ಎಲ್ಲದರಲ್ಲೂ ಕಾಣುವ ಹಂತಗಳ ಸಾಲನ್ನು ಹುಡುಕಿದ. ಫಾರ್ಮಿಂಗ್, ಸ್ಟಾರ್ಮಿಂಗ್, ನಾರ್ಮಿಂಗ್, ಪರ್ಫಾರ್ಮಿಂಗ್. ಇಂಗ್ಲಿಷಿನಲ್ಲಿ ಪ್ರಾಸ ಇದೆ, ಅದಕ್ಕೇ ಎಲ್ಲರ ಬಾಯಲ್ಲಿ ನಿಂತಿತು ಅನ್ನಿಸುತ್ತದೆ. ನಾನು ಕನ್ನಡದಲ್ಲಿ ನೆನಪಿಟ್ಟುಕೊಂಡಿರುವುದು ಹೀಗೆ: ಕೂಡುವುದು, ಕಿತ್ತಾಡುವುದು, ಕಟ್ಟುಪಾಡು ಮಾಡಿಕೊಳ್ಳುವುದು, ಕೆಲಸ ಮಾಡುವುದು. ಒಂದು ವಿಷಯ ಮಾತ್ರ ಮರೆಯಬಾರದು. ಅವನು ಓದಿದ್ದರಲ್ಲಿ ಹೆಚ್ಚಿನವು ಮಾನಸಿಕ ಚಿಕಿತ್ಸೆಯ ಗುಂಪುಗಳ ಬಗ್ಗೆ ಬರೆದವು. ಆಫೀಸಿನ ಟೀಮುಗಳನ್ನು ಕೂರಿಸಿಕೊಂಡು ಅಳೆದು ಹೇಳಿದ್ದಲ್ಲ. ಹಾಗಾಗಿ ಇದನ್ನು ಪಂಚಾಂಗದ ಹಾಗೆ ನೋಡಿ "ಮೂರನೇ ವಾರ ಜಗಳ, ಆರನೇ ವಾರ ರಾಜಿ" ಅಂತ ಲೆಕ್ಕ ಹಾಕುವ ಹಾಗಿಲ್ಲ.

ಮೈನಸ್ ಮೂರಕ್ಕೆ ಬರೋಣ. ಕಾರಣ ಹುಡುಕಲು ಅರ್ಧ ಗಂಟೆ ಸಾಕಾಯಿತು. ನಮ್ಮ ಕೋಡ್ ಮೊದಲು ಸ್ಟಾಕ್ ಎಷ್ಟಿದೆ ಅಂತ ಓದುತ್ತಿತ್ತು. ಸಾಕಷ್ಟಿದ್ದರೆ ಕಳೆಯುತ್ತಿತ್ತು.

```sql
SELECT qty FROM stock WHERE item_id = 118;
-- qty 4 ಅಥವಾ ಹೆಚ್ಚಿದ್ದರೆ
UPDATE stock SET qty = qty - 4 WHERE item_id = 118;
```

ಇದ್ದದ್ದು ಐದು ಪೆಟ್ಟಿಗೆ. ಎರಡು ಅಂಗಡಿಯವರು ಒಂದೇ ಕ್ಷಣದಲ್ಲಿ ನಾಲ್ಕು ನಾಲ್ಕು ಕೇಳಿದರೆ, ಇಬ್ಬರಿಗೂ "ಐದಿದೆ" ಅಂತ ಕಾಣುತ್ತದೆ. ಇಬ್ಬರಿಗೂ ನಾಲ್ಕು ಹೋಗುತ್ತದೆ. ಐದರಲ್ಲಿ ಎಂಟು ಕಳೆದರೆ ಮೈನಸ್ ಮೂರು. ಹಳೆಯ ತಪ್ಪೇ, ಎಲ್ಲರಿಗೂ ಗೊತ್ತಿರುವುದೇ.

ಸರಿ ಮಾಡುವ ದಾರಿ ಎರಡಿದ್ದವು. ಧಾರವಾಡದ ಹುಡುಗ ಸಾಲನ್ನು ಓದುವಾಗಲೇ `FOR UPDATE` ಹಾಕಿ ಬೀಗ ಹಾಕೋಣ ಅಂದ. ಒಂದು ಆರ್ಡರ್ ಮುಗಿಯುವವರೆಗೆ ಇನ್ನೊಂದು ಕಾಯುತ್ತದೆ. ಪುತ್ತೂರಿನ ಹುಡುಗಿ ಅದೆಲ್ಲ ಬೇಡ ಅಂದಳು. ಒಂದೇ `UPDATE` ಬರೆದು, ಅದರಲ್ಲೇ `AND qty >= 4` ಸೇರಿಸಿದರೆ ಸಾಕು. ಒಂದೂ ಸಾಲು ಬದಲಾಗದಿದ್ದರೆ ಸ್ಟಾಕ್ ಇಲ್ಲ ಅಂತ ಅರ್ಥ.

ಮಧ್ಯಾಹ್ನ ಊಟದಿಂದ ಬರುವಷ್ಟರಲ್ಲಿ ಈ ಬದಲಾವಣೆಯನ್ನು ಉಳಿದವರ ಒಪ್ಪಿಗೆಗೆ ಇಟ್ಟಿದ್ದ ಪುಲ್ ರಿಕ್ವೆಸ್ಟ್ ಮೇಲೆ 43 ಕಾಮೆಂಟ್ ಬಿದ್ದಿದ್ದವು. ಮೊದಲ ಹತ್ತು ಡೇಟಾಬೇಸ್ ಬಗ್ಗೆ. ಆಮೇಲಿನವು ಡೇಟಾಬೇಸ್ ಬಗ್ಗೆ ಅಲ್ಲ. "ಟ್ರಾನ್ಸಾಕ್ಷನ್ ಅಂದರೆ ಏನು ಅಂತ ಓದಿಕೊಂಡು ಬರ್ರಿ" ಅಂತ ಇವನು ಬರೆದಿದ್ದ. "ಕಳೆದ ವಾರ ನನ್ನನ್ನು ಕೇಳದೆ ಟೇಬಲ್ ಹೆಸರು ಬದಲಾಯಿಸಿದ್ದು ಯಾರು?" ಅಂತ ಅವಳು. ಮೊಬೈಲ್ ಆ್ಯಪ್ ಬರೆಯುವವನಿಗೂ ಇದಕ್ಕೂ ಸಂಬಂಧವೇ ಇರಲಿಲ್ಲ. ಅವನೂ ನಡುವೆ ಬಂದು ತನ್ನ ಹಳೆಯ ದೂರು ಸೇರಿಸಿದ್ದ. ನಾಲ್ಕು ವಾರದ "ಆಯ್ತು ಮೇಡಂ" ಅಷ್ಟೂ ಅಲ್ಲಿ ಬಡ್ಡಿ ಸಮೇತ ಹೊರಗೆ ಬಂದಿತ್ತು.

ಸ್ಟಾರ್ಮಿಂಗ್ ಅಂದರೆ ಜನ ಕೂಗಾಡುವುದು ಅಂದುಕೊಳ್ಳುತ್ತೇವೆ, ಅಲ್ವಾ? ನಮ್ಮಲ್ಲಿ ಯಾರೂ ಕೂಗಲಿಲ್ಲ. ಆಫೀಸು ಎಂದಿಗಿಂತ ತಣ್ಣಗಿತ್ತು. ಜಗಳ ಎಲ್ಲ ಕೀಬೋರ್ಡಿನಲ್ಲಿ. ಬೀಗವೋ ಷರತ್ತೋ ಎಂಬುದು ನೆಪ. ಒಳಗಿದ್ದ ಪ್ರಶ್ನೆ ಬೇರೆ: ಇಲ್ಲಿ ಇಂಥದ್ದನ್ನು ತೀರ್ಮಾನ ಮಾಡುವವರು ಯಾರು? ಅದನ್ನು ಮೊದಲ ನಾಲ್ಕು ವಾರ ಯಾರೂ ಕೇಳಿರಲಿಲ್ಲ. ನಾನೂ ಹೇಳಿರಲಿಲ್ಲ.

ಸಂಜೆ ನಾಲ್ಕಕ್ಕೆ ನಾನು ಮಾಡಿದ ಕೆಲಸ ನೆನೆದರೆ ಈಗಲೂ ಮುಜುಗರ. ಇಬ್ಬರನ್ನೂ ಕರೆದೆ. ಐದು ನಿಮಿಷ ಕೇಳಿದೆ. ಚಿಕ್ಕ ಕೋಡ್ ಯಾವುದೋ ಅದೇ ಇರಲಿ ಅಂತ ಅವಳ ಪರ ತೀರ್ಪು ಕೊಟ್ಟೆ. ಶುಕ್ರವಾರ ಡೆಮೊ ಇತ್ತು, ಬೇಗ ಮುಗಿಸಬೇಕಿತ್ತು. "ಆಯ್ತು ಮೇಡಂ" ಅಂದ ಅವನು. ನಾನು ನಿರಾಳವಾಗಿ ಮನೆಗೆ ಹೋದೆ.

ಅದರ ನಂತರದ ಎರಡು ವಾರ ಮತ್ತೆ ಶಾಂತಿ. ಟೀಮ್ ಸರಿಹೋಯಿತು, ನಾರ್ಮಿಂಗ್ ಬಂದೇಬಿಟ್ಟಿತು ಅಂದುಕೊಂಡೆ. ಸಂಶಯ ಬಂದಿದ್ದು ಒಂದು ಸಣ್ಣ ವಿಷಯದಿಂದ. 600 ಸಾಲಿನ ಒಂದು ಬದಲಾವಣೆಗೆ ಎರಡೇ ನಿಮಿಷದಲ್ಲಿ ಒಪ್ಪಿಗೆ ಸಿಕ್ಕಿತ್ತು. ಕೆಳಗೆ ಒಂದೇ ಪದ: `LGTM`, ಅಂದರೆ "ನನಗೆ ಸರಿ ಕಾಣುತ್ತಿದೆ". ಹಿಂದಿನವನ್ನು ತೆಗೆದು ನೋಡಿದೆ. ಎಲ್ಲವೂ ಹಾಗೇ. 600 ಸಾಲು ಎರಡು ನಿಮಿಷದಲ್ಲಿ ಓದಲು ಸಾಧ್ಯವೇ ಇಲ್ಲ. ಯಾರೂ ಓದುತ್ತಿರಲಿಲ್ಲ. ಧಾರವಾಡದವನು ಆ ಬುಧವಾರದ ನಂತರ ಒಂದೂ ಪ್ರಶ್ನೆ ಬರೆದಿರಲಿಲ್ಲ. ನಾನು ಜಗಳ ಬಿಡಿಸಿರಲಿಲ್ಲ. ಬಾಯಿ ಮುಚ್ಚಿಸಿದ್ದೆ, ಅಷ್ಟೆ.

ನನಗೆ ಉಳಿದ ಪಾಠ ಇದೊಂದೇ. ಹೊರಗಿನಿಂದ ನೋಡಿದರೆ ಮೊದಲ ಹಂತದ ಮೌನವೂ ಕೊನೆಯ ಹಂತದ ಮೌನವೂ ಒಂದೇ ಥರ ಕಾಣುತ್ತವೆ. ಎರಡರಲ್ಲೂ ಮೀಟಿಂಗ್ ಬೇಗ ಮುಗಿಯುತ್ತದೆ. ವ್ಯತ್ಯಾಸ ತಿಳಿಯಬೇಕಾದರೆ ಕೆಲಸದ ಗುರುತುಗಳನ್ನು ನೋಡಬೇಕು. ರಿವ್ಯೂನಲ್ಲಿ ಪ್ರಶ್ನೆ ಇದೆಯಾ? ಯಾರಾದರೂ "ನನಗಿದು ಗೊತ್ತಾಗಲಿಲ್ಲ" ಅನ್ನುತ್ತಾರಾ? ಕೆಟ್ಟ ಸುದ್ದಿ ಅದೇ ದಿನ ಬರುತ್ತದಾ, ಡೆಮೊದ ಹಿಂದಿನ ರಾತ್ರಿ ಬರುತ್ತದಾ?

ಏಳನೇ ವಾರದ ಸೋಮವಾರ ಎಲ್ಲರನ್ನೂ ಕೂರಿಸಿದೆ. ಲ್ಯಾಪ್‌ಟಾಪ್ ಬೇಡ ಅಂದೆ. ಆ ದಿನ ನಾನು ಅವಸರದಲ್ಲಿ ತೀರ್ಪು ಕೊಟ್ಟೆ, ತಪ್ಪಾಯಿತು, ಆ ಸ್ಟಾಕ್ ವಿಷಯ ಮತ್ತೆ ಮೊದಲಿಂದ ಮಾತಾಡೋಣ ಅಂದೆ. ತುಂಬ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಬಾಯಿ ಬಿಟ್ಟವರು ಟೆಸ್ಟರ್. ನಮ್ಮೆಲ್ಲರಿಗಿಂತ ಹತ್ತು ವರ್ಷ ದೊಡ್ಡವರು.

"ನೋಡಮ್ಮ" ಅಂದರು. ಮೇಡಂ ಹೋಗಿ ಅಮ್ಮ ಬಂದಿದ್ದು ಆಗಲೇ. "ಒಂದೇ ಮಾತ್ರೆ ಆದರೂ ಗೋಡೌನಲ್ಲಿ ಬೇರೆ ಬೇರೆ ಬ್ಯಾಚ್ ಇರುತ್ತೆ. ಒಂದೊಂದಕ್ಕೆ ಒಂದೊಂದು ಎಕ್ಸ್‌ಪೈರಿ ತಾರೀಖು. ಬೇಗ ಮುಗಿಯೋದನ್ನ ಮೊದಲು ಕಳಿಸಬೇಕು. ನಾಲ್ಕು ಪೆಟ್ಟಿಗೆ ಕೇಳಿದರೆ ಒಂದು ಈ ಬ್ಯಾಚಿಂದ, ಮೂರು ಆ ಬ್ಯಾಚಿಂದ ಹೋಗಬಹುದು. ನಿಮ್ಮ ಇಬ್ಬರ ಕೋಡಲ್ಲೂ ಬ್ಯಾಚೇ ಇಲ್ಲವಲ್ಲ."

ಯಾವಾಗ ಗೊತ್ತಾಯಿತು ಅಂತ ಕೇಳಿದೆ. ಎರಡನೇ ವಾರವೇ ಗೋಡೌನಿನವರನ್ನು ಕೇಳಿ ತಿಳಿದುಕೊಂಡಿದ್ದರಂತೆ. ಮೀಟಿಂಗಿನಲ್ಲಿ ಹೇಳಲು ಹೊರಟಾಗ ನಾನು "ಆಮೇಲೆ ನೋಡೋಣ" ಅಂದಿದ್ದೆನಂತೆ. ನನಗೆ ನೆನಪೇ ಇಲ್ಲ. ಮತ್ತೆ ಹೇಳುವುದು ಚೆನ್ನಾಗಿರಲ್ಲ ಅಂತ ಅವರು ಸುಮ್ನಾಗಿದ್ದರು.

ಬ್ಯಾಚ್ ಬಂದ ತಕ್ಷಣ 43 ಕಾಮೆಂಟಿನ ಜಗಳ ಐದು ನಿಮಿಷದಲ್ಲಿ ಬಗೆಹರಿಯಿತು. ಯಾವ ಬ್ಯಾಚಿನಿಂದ ಎಷ್ಟು ಅಂತ ಮೊದಲು ಓದಿ ಲೆಕ್ಕ ಹಾಕಬೇಕಾದರೆ, ಲೆಕ್ಕ ಮುಗಿಯುವವರೆಗೆ ಬೀಗ ಬೇಕು. ಆರ್ಡರಿಗೆ ಅವನ ದಾರಿಯೇ ಸರಿ. ಆದರೆ ಒಡೆದ ಬಾಟಲಿ, ಹಾಳಾದ ಪೆಟ್ಟಿಗೆ ಲೆಕ್ಕದಿಂದ ತೆಗೆಯುವಾಗ ಬ್ಯಾಚ್ ಯಾವುದೆಂದು ಮೊದಲೇ ಗೊತ್ತಿರುತ್ತದೆ. ಅಲ್ಲಿ ಅವಳ ಒಂದು ಸಾಲು ಸಾಕು. "ಹಂಗಾದ್ರ ಇಬ್ಬರೂ ಖರೇನ ಹೇಳಿದ್ವಿ" ಅಂದ ಅವನು. "ಇಬ್ಬರೂ ಅರ್ಧ ಮಾರಾಯ" ಅಂದಳು ಅವಳು.

ಅವತ್ತೇ ಮೂರು ಕಟ್ಟುಪಾಡು ಮಾಡಿಕೊಂಡೆವು. ನಾನು ಬರೆದು ತಂದಿದ್ದಲ್ಲ, ಅವರೇ ಹೇಳಿದ್ದು. ಒಂದು ಪುಲ್ ರಿಕ್ವೆಸ್ಟ್ 300 ಸಾಲು ದಾಟಬಾರದು. ಒಂದೇ ವಿಷಯಕ್ಕೆ ಮೂರು ಕಾಮೆಂಟ್ ಆದರೆ ಬರೆಯುವುದು ನಿಲ್ಲಿಸಿ ಎದ್ದು ಹೋಗಿ ಮಾತಾಡಬೇಕು. ತೀರ್ಮಾನ ಏನು, ಯಾಕೆ ಎಂಬುದನ್ನು `DECISIONS.md` ಫೈಲಿನಲ್ಲಿ ಎರಡು ಸಾಲು ಬರೆಯಬೇಕು. 300 ಸಾಲಿನ ನಿಯಮ ಹತ್ತು ದಿನದಲ್ಲಿ ಮುರಿಯಿತು. ಉಳಿದೆರಡು ನಿಂತವು.

ಕೆಲಸ ಮಾಡುವ ಹಂತ ಯಾವತ್ತು ಬಂತು ಅಂತ ತಾರೀಖು ಹೇಳಲಾರೆ. ಬಂದಿದೆ ಅಂತ ಗೊತ್ತಾದ ದಿನ ನೆನಪಿದೆ. ಸಾಫ್ಟ್‌ವೇರ್ ಬಳಕೆಗೆ ಬಂದು ಮೂರು ವಾರ. ಶನಿವಾರ ಸಂಜೆ ನಾನು ಮದುವೆ ಆರತಕ್ಷತೆಯ ಸಾಲಿನಲ್ಲಿ ನಿಂತಿದ್ದೆ. ಫೋನ್ ತೆಗೆದರೆ ಗುಂಪಿನಲ್ಲಿ ಹನ್ನೊಂದು ಮೆಸೇಜು. ಒಂದು ಅಂಗಡಿ ಎ ಆಮೇಲೆ ಬಿ ಔಷಧಿ ಕೇಳಿದೆ, ಇನ್ನೊಂದು ಬಿ ಆಮೇಲೆ ಎ. ಒಬ್ಬರ ಬೀಗಕ್ಕೆ ಇನ್ನೊಬ್ಬರು ಕಾಯುತ್ತಾ ಎರಡೂ ಸಿಕ್ಕಿಕೊಂಡಿವೆ. ಡೇಟಾಬೇಸ್ `deadlock detected` ಅಂತ ಒಂದನ್ನು ಹೊರಗೆ ಹಾಕಿದೆ. ಟೆಸ್ಟರ್ ಅದನ್ನು ನೋಡಿ ಮರಳಿ ಮಾಡಿ ತೋರಿಸಿದ್ದರು. ಬೀಗ ಹಾಕುವ ಮೊದಲು ಔಷಧಿಗಳನ್ನು ಐಟಂ ನಂಬರಿನ ಕ್ರಮಕ್ಕೆ ತಂದರೆ ಸಾಕು ಅಂತ ಪುತ್ತೂರಿನವಳು ಸರಿ ಮಾಡಿದ್ದಳು. ಧಾರವಾಡದವನದೇ ಕೋಡಿನ ತಪ್ಪು. ಅವನು ಅದನ್ನು ಓದಿ, ಎರಡು ಪ್ರಶ್ನೆ ಕೇಳಿ, ಒಪ್ಪಿಗೆ ಕೊಟ್ಟಿದ್ದ. ಹನ್ನೊಂದನೇ ಮೆಸೇಜು ನನಗೆ: "ಅಕ್ಕ, ಆಗಿದೆ. ಊಟ ಮಾಡಿ ಬನ್ನಿ."

ಡಿಸೆಂಬರಿನಲ್ಲಿ ಮೊಬೈಲ್ ಆ್ಯಪಿನವನು ಬೇರೆ ಕೆಲಸಕ್ಕೆ ಹೋದ. ಟಕ್‌ಮನ್ 1977ರಲ್ಲಿ ಮೇರಿ ಆನ್ ಜೆನ್ಸನ್ ಜೊತೆ ಸೇರಿ ಅಗಲುವುದನ್ನು ಐದನೇ ಹಂತ ಅಂತ ಸೇರಿಸಿದ್ದ. ಆದರೆ ನಮ್ಮಲ್ಲಿ ಒಬ್ಬ ಹೋದ ಜಾಗಕ್ಕೆ ಹೊಸಬ ಬಂದ, ಟೀಮು ಅರ್ಧ ಹಿಂದಕ್ಕೆ ಹೋಯಿತು. ಮತ್ತೆ "ಆಯ್ತು ಮೇಡಂ" ಕೇಳಿಸತೊಡಗಿತು.

ಎರಡನೇ ವಾರ ಆ ಹೊಸ ಹುಡುಗ ಮೆಲ್ಲಗೆ ಕೇಳಿದ: ಇಲ್ಲಿ ಯಾಕೆ ಸಾರ್ಟ್ ಮಾಡಿದ್ದೀರಿ? ಫೈಲಿನಲ್ಲಿ ಹುಡುಕಿದರೆ ಅದರ ಬಗ್ಗೆ ಒಂದು ಸಾಲೂ ಇಲ್ಲ. ಶನಿವಾರದ ಗಡಿಬಿಡಿಯಲ್ಲಿ ಬರೆಯುವುದು ಬಿಟ್ಟುಹೋಗಿತ್ತು. "ನೀವ ಬರೀಬೇಕಿತ್ರಿ" ಅಂದ ಧಾರವಾಡದವನು. "ಕೋಡ್ ನಿನ್ನದಲ್ವಾ, ನಾನ್ಯಾಕೆ?" ಅಂದಳು ಅವಳು. ದನಿ ಸ್ವಲ್ಪ ಏರಿತು. ಹೊಸ ಹುಡುಗ ಗಾಬರಿಯಿಂದ ನನ್ನ ಮುಖ ನೋಡಿದ.

ನಾನು ಬಾಯಿ ಹಾಕಲಿಲ್ಲ. ಕಾಫಿ ತರಲು ಎದ್ದು ಹೋದೆ.