ಜಿಗಿತವನ್ನು ನಿಧಾನ ಮಾಡುವ ಮುನ್ನ

‘ಸರ್, ಡಾನ್ಸ್ ವಿಡಿಯೋದಲ್ಲಿ ಜಿಗಿದಾಗ ಸ್ಲೋ ಆಗಿ ಗಾಳಿಯಲ್ಲೇ ನಿಲ್ಲುತ್ತಲ್ಲ, ಆ ಎಫೆಕ್ಟ್ ಯಾವ ಆ್ಯಪ್‌ನಲ್ಲಿ ಸಿಗುತ್ತೆ?’

ಹೆಚ್ಚುಕಡಿಮೆ ಎಲ್ಲ ಎಡಿಟಿಂಗ್ ಆ್ಯಪ್‌ಗಳಲ್ಲೂ ಸಿಗುತ್ತೆ. ಹೆಸರು ಹೇಳಿ ಹೇಳಿ ನನಗೆ ಸಾಕಾಗಿದೆ.

ಒಬ್ಬ ತಂದೆ ಹೀಗೇ ಕೇಳಿಕೊಂಡು ಹೋಗಿ, ಮಗಳ ರಂಗಪ್ರವೇಶದ ಕ್ಲಿಪ್ಪನ್ನು ‘ರೆಡಿ’ ಮಾಡಿ ಕಳಿಸಿದರು. ಆ ಹುಡುಗಿ ಹೆಜ್ಜೆಗಳ ಸರಣಿಯಾದ ಜತಿ ಮುಗಿಸುತ್ತಾ ಜಿಗಿದು, ತಾಳದ ಮೊದಲ ಪೆಟ್ಟಾದ ಸಮಕ್ಕೆ ಸರಿಯಾಗಿ ಇಳಿದಿದ್ದಳು. ಅಪ್ಪ ಜಿಗಿತವನ್ನು ನಿಧಾನ ಮಾಡಿದ್ದರು, ಮೃದಂಗ ತನ್ನ ಪಾಡಿಗೆ ಮುಂದೆ ಹೋಗಿತ್ತು. ವರ್ಷಗಟ್ಟಲೆ ಕಲಿತು ತಾಳಕ್ಕೆ ಕಾಲಿಟ್ಟವಳು ಆ ವಿಡಿಯೋದಲ್ಲಿ ತಾಳ ತಪ್ಪಿದವಳಾಗಿದ್ದಳು. ನನಗೆ ಸಿಟ್ಟೇ ಬಂತು.

ಯಾರಾದರೂ ನನ್ನನ್ನು ಕೇಳಬೇಕಾದದ್ದು ಇದು: ನಿಧಾನ ಮಾಡಿದಾಗ ಹೆಚ್ಚಾದ ಸಮಯವನ್ನು ಎಲ್ಲಿ ಕಳೆಯಬೇಕು?

ಜಿಗಿತ ಅರ್ಧ ಸೆಕೆಂಡಿನದು ಅಂದುಕೊಳ್ಳಿ. 25% ವೇಗಕ್ಕೆ ಇಳಿಸಿದರೆ ಅದು 2 ಸೆಕೆಂಡ್ ಆಗುತ್ತದೆ, ಅಂದರೆ ಒಂದೂವರೆ ಸೆಕೆಂಡ್ ಹೆಚ್ಚು. ಹಾಡನ್ನು ಮುಟ್ಟುವ ಹಾಗಿಲ್ಲ. ಹಾಗಾಗಿ ಜಿಗಿತಕ್ಕೆ ಮುಂಚಿನ 3 ಸೆಕೆಂಡನ್ನು 200% ವೇಗದಲ್ಲಿ ಓಡಿಸಿ, ಆ ಒಂದೂವರೆ ಸೆಕೆಂಡನ್ನು ಅಲ್ಲಿ ಉಳಿಸಬೇಕು. 180% ಅಲ್ಲ, 200%. ಏಕೆಂದರೆ ಒಂದನೇ ಕಾಲದ ಅಡವು, ಅಂದರೆ ನಿಧಾನಗತಿಯ ಹೆಜ್ಜೆಗಳ ಜೋಡಣೆ, ಸರಿಯಾಗಿ ಎರಡು ಪಟ್ಟು ವೇಗವಾದರೆ ಎರಡನೇ ಕಾಲವಾಗುತ್ತದೆ, ಹೆಜ್ಜೆ ಆಗಲೂ ತಾಳದೊಳಗೇ ಬೀಳುತ್ತದೆ. ಆ ತುಣುಕು ತಾಳದ ಪೆಟ್ಟಿನ ಮೇಲೆಯೇ ಶುರುವಾಗಬೇಕು. ಅದಕ್ಕಿಂತಲೂ ನನಗೆ ಒಪ್ಪಿಗೆಯಾಗುವುದು, ಹೆಜ್ಜೆಯ ಪೆಟ್ಟೇ ಇಲ್ಲದ ನಡಿಗೆಯ ಭಾಗವನ್ನು ಓಡಿಸುವುದು. ಆಕೆ ಮಾಡದ ಎರಡನೇ ಕಾಲವನ್ನು ಆಕೆಯ ಹೆಸರಿಗೆ ಯಾಕೆ ಬರೆಯಬೇಕು?

ವೇಗ ಹಠಾತ್ತನೆ ಬದಲಾಗದೆ ಇಳಿಜಾರಾಗಿ ಬದಲಾಗುವುದರಿಂದ ಲೆಕ್ಕ ಸ್ವಲ್ಪ ಆಚೀಚೆ ಆಗುತ್ತದೆ. ಅದಕ್ಕೇ ಕಾಲು ನೆಲ ಮುಟ್ಟುವ ಫ್ರೇಮಿಗೂ ಅದು ಬೀಳಬೇಕಾದ ತಾಳದ ಪೆಟ್ಟಿಗೂ ಮೊದಲೇ ಗುರುತು ಹಾಕಿ, ಕೊನೆಗೆ ಎರಡನ್ನೂ ಒಂದರ ಮೇಲೊಂದು ಕೂರಿಸಿ. ಎರಡು ಫ್ರೇಮ್ ತಡವಾದರೂ ನಾಟ್ಯ ಬಲ್ಲವರ ಕಣ್ಣಿಗೆ ಬೀಳುತ್ತದೆ.

ಇನ್ನು ನಿಲ್ಲಿಸುವುದು. ಜಿಗಿತದ ತುತ್ತತುದಿಯಲ್ಲಿ ದೇಹ ಮೇಲೂ ಹೋಗುತ್ತಿರುವುದಿಲ್ಲ, ಕೆಳಗೂ ಬರುತ್ತಿರುವುದಿಲ್ಲ. ಅದರ ಆಚೀಚೆ ಹತ್ತನೇ ಒಂದು ಸೆಕೆಂಡಿನಲ್ಲಿ 5 ಸೆಂಟಿಮೀಟರ್ ಮಾತ್ರ ವ್ಯತ್ಯಾಸ. ಅಲ್ಲಿ ಫ್ರೇಮ್ ನಿಲ್ಲಿಸಿದರೆ ಚಿತ್ರ ಸ್ಪಷ್ಟ, ಕಣ್ಣಿಗೂ ಸಹಜ. ಇಳಿಯುವಾಗ ನಿಲ್ಲಿಸಿದರೆ ಕಾಲು ಮಸುಕಾಗಿ ಕಾಣುತ್ತದೆ. ಆದರೆ ಜತಿಯನ್ನು ಮುಗಿಸುವ ತೀರ್ಮಾನದ ಕೊನೆಯ ಭಂಗಿಯನ್ನು ಮಾತ್ರ ದಯವಿಟ್ಟು ನಿಲ್ಲಿಸಬೇಡಿ. ಅಲ್ಲಿ ನಿಂತಿರುವುದು ಆಕೆಯೇ. ಉಸಿರು ಬಿಗಿಹಿಡಿದು, ಮಂಡಿ ಬಾಗಿಸಿದ ಅರೆಮಂಡಿ ಸಡಿಲಿಸದೆ ನಿಂತಿರುವ ಆ ಶ್ರಮ ಫ್ರೀಝ್ ಮಾಡಿದ ಕ್ಷಣವೇ ಅಳಿಸಿಹೋಗುತ್ತದೆ.

ಇದೆಲ್ಲ ಆಗಬೇಕಾದರೆ ಶೂಟಿಂಗೇ ಸೆಕೆಂಡಿಗೆ 120 ಫ್ರೇಮಿನಲ್ಲಿ ಆಗಿರಬೇಕು. 30ರಲ್ಲಿ ತೆಗೆದದ್ದನ್ನು 25%ಗೆ ಇಳಿಸಿದರೆ ಒಂದೊಂದು ಫ್ರೇಮೂ ನಾಲ್ಕು ಸಲ ಬಂದು ಕುಲುಕುತ್ತದೆ. ನಡುವಿನ ಫ್ರೇಮುಗಳನ್ನು ಆ್ಯಪ್ ಊಹಿಸಿ ತುಂಬಿದರೆ ಮುದ್ರೆಯ ಬೆರಳುಗಳು ಒಂದಕ್ಕೊಂದು ಕಲಸಿಹೋಗುತ್ತವೆ. ಕಾರ್ಯಕ್ರಮ ಮುಗಿದ ಮೇಲೆ ನನ್ನಿಂದಲೂ ಅದನ್ನು ಸರಿಮಾಡಲು ಆಗುವುದಿಲ್ಲ, ಕೇಳುವುದಾದರೆ ಮುಂಚೆಯೇ ಕೇಳಿ.