ಸಂಚಕಾರ ವಾಪಸ್ ಕೇಳುವ ಮುನ್ನ

“ಪ್ಲಾಟಿಗೆ ಮೂರು ಲಕ್ಷ ಸಂಚಕಾರ ಕೊಟ್ಟಿದ್ದೇವೆ ವಕೀಲರೇ. ಈಗ ಮಾಲೀಕರು ಮಾರುವುದಿಲ್ಲ ಎನ್ನುತ್ತಾರೆ. ರೊಕ್ಕ ವಾಪಸ್ ಬರುತ್ತದೆಯೇ? ದುಪ್ಪಟ್ಟು ಕೇಳಬಹುದಂತೆ, ಹೌದೇ?”

ಬರುತ್ತದೆ. ದುಪ್ಪಟ್ಟು ಮಾತ್ರ ತಾನಾಗಿ ಬರುವುದಿಲ್ಲ. ಮಾತು ತಪ್ಪಿದ ಮಾಲೀಕ ಎರಡು ಪಟ್ಟು ಕೊಡಬೇಕೆಂಬುದು ನಮ್ಮ ವಿಜಯಪುರದ ದಲಾಲರ ಬಾಯಲ್ಲಿ ಎಷ್ಟು ಗಟ್ಟಿಯಾಗಿ ಕೂತಿದೆಯೆಂದರೆ, ಜನ ಅದನ್ನು ಸರ್ಕಾರದ ಕಾನೂನೆಂದೇ ನಂಬಿದ್ದಾರೆ. ಹಾಗೆ ಯಾವ ಕಾಯ್ದೆಯೂ ಹೇಳುವುದಿಲ್ಲ. ಕರಾರು ಪತ್ರದಲ್ಲಿ ಬರೆಸಿಕೊಂಡಿದ್ದರೆ ಕೇಳಬಹುದು. ಆಗಲೂ ಕರಾರು ಕಾಯ್ದೆಯ 74ನೇ ಕಲಮಿನ ಪ್ರಕಾರ ಬರೆದ ಮೊತ್ತ ಗರಿಷ್ಠ ಮಿತಿ ಅಷ್ಟೇ, ಅದರೊಳಗೆ ಎಷ್ಟು ಸಮಂಜಸವೋ ಅಷ್ಟನ್ನು ನ್ಯಾಯಾಲಯ ಕೊಡಿಸುತ್ತದೆ. ಆದ್ದರಿಂದ ದುಪ್ಪಟ್ಟಿನ ಲೆಕ್ಕ ಬದಿಗಿಟ್ಟು ಮೊದಲು ಮನೆಯಲ್ಲಿ ಕುಳಿತು ತೀರ್ಮಾನಿಸಿ: ನಿಮಗೆ ಬೇಕಾಗಿರುವುದು ಪ್ಲಾಟೋ, ರೊಕ್ಕವೋ?

ಇದು ತೀರ್ಮಾನವಾಗುವ ಮೊದಲೇ ಸಿಟ್ಟಿನಲ್ಲಿ ಮಾಲೀಕರಿಗೆ ವಾಟ್ಸ್‌ಆ್ಯಪ್ ಮಾಡುವವರೇ ಹೆಚ್ಚು. “ಮಾರುವುದಿಲ್ಲವಾದರೆ ನಮ್ಮ ರೊಕ್ಕ ಕೊಟ್ಟುಬಿಡಿ, ನಿಮ್ಮ ಪ್ಲಾಟೇ ಬೇಡ” ಎಂದು ಬರೆದು ಕಳಿಸುತ್ತಾರೆ. ಆಮೇಲೆ ಮನಸ್ಸು ಬದಲಾಗಿ ಪ್ಲಾಟಿಗಾಗಿಯೇ ದಾವೆ ಹೂಡಿದರೆ ಅದೇ ಸಂದೇಶ ಎದುರು ಪಕ್ಷದ ಕಡತದಲ್ಲಿ ಮೊದಲ ಹಾಳೆಯಾಗಿರುತ್ತದೆ. ಖರೀದಿ ಪತ್ರ ಮಾಡಿಕೊಡಿಸಿ ಎಂದು ಕೇಳುವವನು ಮೊದಲಿನಿಂದ ಕೊನೆಯವರೆಗೂ ತಾನು ಸಿದ್ಧನಿದ್ದೆ, ಇಚ್ಛೆಯೂ ಇತ್ತು ಎಂದು ತೋರಿಸಬೇಕೆಂಬುದು ನಿರ್ದಿಷ್ಟ ಪರಿಹಾರ ಕಾಯ್ದೆಯ ಷರತ್ತು. ಬೇಡ ಎಂದು ನೀವೇ ಬರೆದುಕೊಟ್ಟ ಮೇಲೆ ಇಚ್ಛೆ ಇತ್ತೆಂದು ಸಾಧಿಸುವುದು ಕಷ್ಟ. ಮಾಲೀಕರು ಕಳಿಸಿದ ಚೆಕ್ಕನ್ನು ಸುಮ್ಮನೆ ಜಮಾ ಮಾಡಿಕೊಂಡರೂ ಕರಾರು ಮುರಿಯಲು ಒಪ್ಪಿದಿರಿ ಎಂದೇ ವಾದ ಬರುತ್ತದೆ.

ಗುರುತು ಸಿಗದಂತೆ ಬದಲಿಸಿ ಒಂದು ಪ್ರಕರಣ ಹೇಳುತ್ತೇನೆ. ಸೋಲಾಪುರ ರಸ್ತೆಯ ಕಡೆಗೊಂದು ಪ್ಲಾಟ್, ಬೆಲೆ 18 ಲಕ್ಷ. ಜನವರಿಯಲ್ಲಿ ಕರಾರು, ಆರು ತಿಂಗಳೊಳಗೆ ಖರೀದಿ ಪತ್ರ ಆಗಬೇಕು. ಸಂಚಕಾರ 3 ಲಕ್ಷ: ಎರಡು ಲಕ್ಷ ಬ್ಯಾಂಕಿನಿಂದ, ಒಂದು ಲಕ್ಷ ನಗದಾಗಿ ಕೈಯಲ್ಲಿ. ಮೇ ತಿಂಗಳಲ್ಲಿ ಮಾಲೀಕರು ಫೋನ್ ಮಾಡಿ “ಮಗ ಒಪ್ಪುತ್ತಿಲ್ಲ” ಎಂದರು. ಮಗ ಒಪ್ಪದಿರುವುದಕ್ಕೆ ಕಾರಣ ಇನ್ನೊಬ್ಬರು 21 ಲಕ್ಷ ಹೇಳಿದ್ದು ಎಂದು ದಲಾಲನೇ ಬಾಯಿಬಿಟ್ಟ.

ಕೊಳ್ಳಲು ಬಂದವರು ಶಾಲಾ ಶಿಕ್ಷಕರು. ಪ್ಲಾಟಿಗಾಗಿಯೇ ಹೋರಾಡುವುದಾದರೆ ಉಳಿದ 15 ಲಕ್ಷ ಸಿದ್ಧವಿತ್ತೆಂದು ಪಾಸ್‌ಬುಕ್ಕೋ ಸಾಲ ಮಂಜೂರಾತಿ ಪತ್ರವೋ ತೋರಿಸಬೇಕಿತ್ತು, ಅವರ ಸಾಲದ ಅರ್ಜಿ ಇನ್ನೂ ಬ್ಯಾಂಕಿನಲ್ಲೇ ಇತ್ತು. ಕೋರ್ಟ್ ಶುಲ್ಕದ ಮಾತೂ ಇದೆ. ಖರೀದಿ ಪತ್ರ ಕೇಳಿದರೆ ಪೂರ್ತಿ 18 ಲಕ್ಷದ ಮೇಲೆ ಶುಲ್ಕ ಕಟ್ಟಬೇಕು. ರೊಕ್ಕ ಮಾತ್ರ ಕೇಳಿದರೆ ಕೇಳಿದ ಮೊತ್ತದ ಮೇಲೆ. ಅವರು ರೊಕ್ಕವೇ ಸಾಕೆಂದರು. ನಾನೂ ಒಪ್ಪಿದೆ. ಕೈಯಲ್ಲಿ ಬಾಕಿ ಹಣವಿಲ್ಲದೆ ಪ್ಲಾಟಿನ ದಾವೆ ಹೂಡುವುದು ವಕೀಲರಿಗಷ್ಟೇ ಲಾಭ. ಬಾಕಿ ಹಣ ಸಿದ್ಧವಿದ್ದು ಪ್ಲಾಟೇ ಬೇಕೆನ್ನುವವರು ದಾವೆಯಲ್ಲಿ “ಅದು ಆಗದಿದ್ದರೆ ಸಂಚಕಾರ ಬಡ್ಡಿಸಹಿತ ಕೊಡಿಸಿ” ಎಂಬ ಪರ್ಯಾಯ ಬೇಡಿಕೆಯನ್ನು ಸೇರಿಸಲೇಬೇಕು. ನಿರ್ದಿಷ್ಟ ಪರಿಹಾರ ಕಾಯ್ದೆಯ 22ನೇ ಕಲಂ ಪ್ರಕಾರ ಕೇಳದೆ ಇದ್ದದ್ದನ್ನು ನ್ಯಾಯಾಲಯ ಕೊಡುವಂತಿಲ್ಲ. ದಾವೆ ನಡೆಯುವಾಗ ತಿದ್ದುಪಡಿ ಮಾಡಿ ಸೇರಿಸಲು ಅವಕಾಶವಿದ್ದರೂ ಮರೆತು ಕೈಸುಟ್ಟುಕೊಂಡವರಿದ್ದಾರೆ.

ಶಿಕ್ಷಕರ ಪರವಾಗಿ ಕಳಿಸಿದ ನೋಟಿಸಿನ ಮುಖ್ಯ ಭಾಗ ಹೀಗಿತ್ತು: “ನೀವು ಮೇ ತಿಂಗಳಲ್ಲಿ ಫೋನಿನಲ್ಲಿ ಖರೀದಿ ಪತ್ರ ಮಾಡಿಕೊಡಲು ನಿರಾಕರಿಸಿದ್ದೀರಿ. ನನ್ನ ಕಕ್ಷಿದಾರರ ಕಡೆಯಿಂದ ಯಾವ ತಪ್ಪೂ ಆಗಿಲ್ಲ. ಆದ್ದರಿಂದ ನೀವು ಪಡೆದ ರೂ. 3,00,000 ಸಂಚಕಾರವನ್ನು ಈ ನೋಟಿಸ್ ತಲುಪಿದ 15 ದಿನಗಳೊಳಗೆ ಬ್ಯಾಂಕ್ ಮೂಲಕ ಮರಳಿಸಬೇಕು. ತಪ್ಪಿದರೆ ನೋಟಿಸಿನ ದಿನಾಂಕದಿಂದ ಶೇಕಡಾ 12ರಂತೆ ಬಡ್ಡಿಯನ್ನು ಕೇಳಲಾಗುವುದು.” ಮುರಿದವರು ಯಾರು ಎಂಬುದು ಮೊದಲ ಎರಡು ವಾಕ್ಯಗಳಲ್ಲೇ ದಾಖಲಾಗಬೇಕು. ಇಲ್ಲವಾದರೆ ಆರು ತಿಂಗಳು ಮುಗಿದ ಮರುದಿನ “ನೀವೇ ಬಾಕಿ ತರಲಿಲ್ಲ, ಸಂಚಕಾರ ಮುಟ್ಟುಗೋಲು” ಎಂಬ ಉತ್ತರ ಬರುತ್ತದೆ. ಬಡ್ಡಿಯ ವಾಕ್ಯವೂ ಅಲಂಕಾರಕ್ಕಲ್ಲ. ಕರಾರಿನಲ್ಲಿ ಬಡ್ಡಿಯ ಮಾತಿಲ್ಲದಿದ್ದಾಗ, ಲಿಖಿತವಾಗಿ ಬಡ್ಡಿ ಕೇಳಿದ ದಿನವೇ 1978ರ ಬಡ್ಡಿ ಕಾಯ್ದೆಯಡಿ ನಮಗೆ ಆಧಾರ. ಮೂರು ಲಕ್ಷಕ್ಕೆ ಶೇಕಡಾ 12 ಎಂದರೆ ತಿಂಗಳಿಗೆ ಮೂರು ಸಾವಿರ. ದರವನ್ನು ಇಳಿಸುವ ಅಧಿಕಾರ ನ್ಯಾಯಾಲಯಕ್ಕಿದೆ.

ನೋಟಿಸನ್ನು ಸ್ವೀಕೃತಿಯೊಂದಿಗೆ ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ. 2025ರ ಸೆಪ್ಟೆಂಬರಿನಿಂದ ರಿಜಿಸ್ಟರ್ ಅಂಚೆ ಅದರಲ್ಲೇ ವಿಲೀನವಾಗಿದೆ. ವಿಳಾಸದಾರರು ತೆಗೆದುಕೊಳ್ಳಲಿಲ್ಲ ಎಂಬ ಷರಾದೊಂದಿಗೆ ಲಕೋಟೆ ಮರಳಿ ಬಂದರೆ ಒಡೆಯದೆ ಹಾಗೆಯೇ ಇಟ್ಟುಕೊಳ್ಳಿ. ಮುಚ್ಚಿದ ಆ ಲಕೋಟೆ ಒಳ್ಳೆಯ ಸಾಕ್ಷಿ.

ಇಲ್ಲಿ ಮಾಲೀಕರ ಕಡೆಯವರು ಉತ್ತರದಲ್ಲಿ ಒಂದು ಲಕ್ಷ ನಗದು ಮುಟ್ಟಿಯೇ ಇಲ್ಲವೆಂದರು. ಅದೃಷ್ಟಕ್ಕೆ ಕರಾರಿನಲ್ಲಿ “ಸಾಕ್ಷಿದಾರರ ಸಮಕ್ಷಮ ರೂ. 1,00,000 ನಗದಾಗಿ ಮುಟ್ಟಿದೆ” ಎಂದಿತ್ತು, ಕೆಳಗೆ ಇಬ್ಬರ ಸಹಿಯೂ ಇತ್ತು. ಬರೆಯದೆ ಕೊಟ್ಟ ‘ಮೇಲಿನ ರೊಕ್ಕ’ವಾಗಿದ್ದರೆ ದೇವರೇ ಗತಿ. ನಗದು ಕೊಟ್ಟವರನ್ನು ಆದಾಯ ತೆರಿಗೆಯ ಹೆಸರಿನಲ್ಲಿ ಹೆದರಿಸುವುದೂ ಉಂಟು. ಸ್ಥಿರಾಸ್ತಿಯ ಮುಂಗಡವಾಗಿ 20,000 ರೂಪಾಯಿ ಅಥವಾ ಹೆಚ್ಚು ನಗದು ಪಡೆಯುವುದಕ್ಕೆ 2015ರಿಂದ ನಿಷೇಧವಿರುವುದು ನಿಜ. ಆದರೆ ಅದರ ದಂಡ ಬೀಳುವುದು ಪಡೆದವರ ಮೇಲೆ. ಇದನ್ನು ನೆನಪಿಸಿದ ಮೇಲೆ ಆ ಬೆದರಿಕೆ ನಿಂತಿತು.

ಕರಾರು ಪತ್ರದಲ್ಲಿ “ಕಬ್ಜಾ ಕೊಟ್ಟಿದೆ” ಎಂಬ ಮಾತಿದೆಯೇ ಎಂದೂ ಓದಿ ನೋಡಿ. ಹಳೆಯ ನಮೂನೆ ನೋಡಿ ಟೈಪ್ ಮಾಡುವವರು ಕಬ್ಜಾ ಕೊಡದಿದ್ದರೂ ಅದನ್ನು ಸೇರಿಸಿಬಿಡುತ್ತಾರೆ. ಕಬ್ಜಾ ಸಹಿತ ಕರಾರಿಗೆ ಖರೀದಿ ಪತ್ರದಷ್ಟೇ ಮುದ್ರಾಂಕ ಶುಲ್ಕ. ಸಣ್ಣ ಬಾಂಡಿನ ಮೇಲೆ ಬರೆದಿದ್ದರೆ, ಕಡಿಮೆ ಬಿದ್ದ ಶುಲ್ಕ ಮತ್ತು ಅದರ ಹತ್ತು ಪಟ್ಟು ದಂಡ ಕಟ್ಟುವವರೆಗೆ ನ್ಯಾಯಾಲಯ ಅದನ್ನು ಸಾಕ್ಷ್ಯವಾಗಿ ತೆಗೆದುಕೊಳ್ಳುವುದಿಲ್ಲ. ಮೂರು ಲಕ್ಷ ಕೇಳಲು ಹೋದವರು ಅದಕ್ಕಿಂತ ಹೆಚ್ಚು ಕಟ್ಟುವ ಪ್ರಸಂಗ ಬರಬಹುದು. ಹಾಗಿದ್ದಾಗ ಬ್ಯಾಂಕ್ ದಾಖಲೆಯ ಬಲದಲ್ಲಿ ರಾಜಿಗೆ ಯತ್ನಿಸುವುದೇ ಜಾಣತನ.

ಠಾಣೆಗೆ ಹೋಗೋಣವೇ ಎಂದು ಶಿಕ್ಷಕರ ಭಾವಮೈದುನ ಕೇಳಿದ್ದರು. ಮಾರಲು ಒಪ್ಪಿ ಆಮೇಲೆ ಮನಸ್ಸು ಬದಲಿಸಿದ್ದು ವಂಚನೆಯ ಅಪರಾಧವಾಗುವುದಿಲ್ಲ. ಮೊದಲೇ ಬೇರೆಯವರಿಗೆ ಮಾರಿದ ಪ್ಲಾಟನ್ನು ತೋರಿಸಿ ರೊಕ್ಕ ಪಡೆದಿದ್ದರೆ ಮಾತ್ರ ದೂರಿಗೆ ಹುರುಳಿದೆ. ಸಿವಿಲ್ ದಾವೆಗೆ ಮೂರು ವರ್ಷ ಅವಧಿ. ಅವರು ನಿರಾಕರಿಸಿದ ದಿನದಿಂದಲೇ ಎಣಿಸಿಕೊಂಡರೆ ಮೋಸವಿಲ್ಲ.

ದಾವೆಗಿಂತ ಮೊದಲು ನಾವು ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಅರ್ಜಿ ಕೊಟ್ಟೆವು. ಅಲ್ಲಿ ಶುಲ್ಕವಿಲ್ಲ, ಲೋಕ ಅದಾಲತ್‌ನಲ್ಲಿ ಆದ ರಾಜಿಗೆ ಡಿಕ್ರಿಯ ಬಲವಿದೆ, ಅದರ ಮೇಲೆ ಮೇಲ್ಮನವಿಯೂ ಇಲ್ಲ. ಮಾಲೀಕರಿಗೂ 21 ಲಕ್ಷದ ಗಿರಾಕಿ ಕಾಯುತ್ತಿದ್ದ. ಕರಾರು ತೀರದೆ ಅವನು ಮುಂದೆ ಬರುವಂತಿರಲಿಲ್ಲ. ಬಡ್ಡಿಯಲ್ಲಿ ಅರ್ಧ ಬಿಟ್ಟು, ಅಸಲು ಎರಡು ಕಂತಿನಲ್ಲಿ ಎಂದು ಮಾತಾಯಿತು. ಮೊದಲ ಕಂತು ಬಂದ ಕೂಡಲೇ ಮೂಲ ಕರಾರು ಪತ್ರ ಕೊಡಿ ಎಂದು ಅವರು ಪಟ್ಟು ಹಿಡಿದರು. ಕೊಡಲಿಲ್ಲ. ಎರಡನೆಯ ಕಂತು ಖಾತೆಗೆ ಜಮಾ ಆದ ಸಂದೇಶ ಶಿಕ್ಷಕರ ಮೊಬೈಲಿಗೆ ಬಂದ ಮೇಲೆಯೇ ರದ್ದು ಪತ್ರಕ್ಕೆ ಸಹಿ ಹಾಕಿಸಿ, ಮೂಲ ಕಾಗದವನ್ನು ಮಾಲೀಕರ ಕೈಗೆ ಕೊಟ್ಟೆವು. ಕರಾರು ನೋಂದಣಿಯಾಗಿದ್ದರೆ ರದ್ದು ಪತ್ರವನ್ನೂ ಉಪನೋಂದಣಿ ಕಚೇರಿಯಲ್ಲೇ ನೋಂದಾಯಿಸಬೇಕಾಗುತ್ತಿತ್ತು.