“ರೋಲ್‌ಪ್ಲೇ ಮಾಡ್ಸಿ ಸರ್” ಎಂದಷ್ಟೇ ಕೇಳಿದಾಗ

ಬೆಂಗಳೂರಿನ ಸ್ಪೋಕನ್ ತರಗತಿಗಳಲ್ಲಿ ಆಗಾಗ ಬರುವ ಕೋರಿಕೆ ಇದು. ಯಾವ ಸಂದರ್ಭ, ತಾನು ಯಾರಾಗಬೇಕು, ಎಷ್ಟು ಕಷ್ಟ ಇರಬೇಕು ಎನ್ನುವುದಿರಲಿ, ಕನ್ನಡದಲ್ಲೋ ಇಂಗ್ಲಿಷಿನಲ್ಲೋ ಎಂಬುದನ್ನೂ ಕಲಿಯುವವರು ಹೇಳಿರುವುದಿಲ್ಲ. “ಸಂದರ್ಭ ನೀವೇ ಹೇಳಿ” ಎಂದರೆ “ಯಾವುದಾದ್ರೂ ಪರವಾಗಿಲ್ಲ” ಎನ್ನುತ್ತಾರೆ. ಆಮೇಲೆ ಹೆಸರು, ಊರು, ಕೆಲಸದ ಪರಿಚಯವೇ ಗತಿ. ಅದು ಬಾಯಿಪಾಠವಾಗಿರುವುದರಿಂದ ಎರಡು ನಿಮಿಷಕ್ಕೆ ಮುಗಿದುಹೋಗುತ್ತದೆ.

ಅದಕ್ಕೇ ನಾವು ಕೇಳುವುದು ಒಂದೇ ಪ್ರಶ್ನೆ: “ಇತ್ತೀಚೆಗೆ ಯಾರ ಹತ್ತಿರ ಮಾತಾಡುವಾಗ ತಡವರಿಸಿದಿರಿ?” “ಬಾಡಿಗೆ ಮನೆ ನೋಡೋಕೆ ಹೋದಾಗ, ಓನರ್ ಕನ್ನಡದಲ್ಲೇ ಮಾತಾಡಿದ್ರು” ಎಂದು ಉತ್ತರ ಬಂತೆನ್ನಿ. ಭಾಷೆ, ಸಂದರ್ಭ, ಪಾತ್ರ ಮೂರೂ ಸಿಕ್ಕಿದವು. ಅವರು ಬಾಡಿಗೆದಾರರು, ನಾವು ಓನರ್. ಕಷ್ಟ ಎಷ್ಟಿರಬೇಕೆಂದು ಅವರನ್ನು ಕೇಳುವುದಿಲ್ಲ, ಅದನ್ನು ನಾವೇ ಅಳೆಯಬೇಕು.

ಮಾತು ಶುರುವಾಗುವ ಮೊದಲು ಎರಡು ಚೀಟಿ ಬರೆಯುತ್ತೇವೆ. ಅವರ ಚೀಟಿಯಲ್ಲಿ: ಬಾಡಿಗೆ 20,000 ಮೀರಬಾರದು, ಒಂದನೇ ತಾರೀಖಿಗೆ ಮನೆ ಬೇಕು, ಕಾವೇರಿ ನೀರು ಇರಬೇಕು. ನಮ್ಮದರಲ್ಲಿ: ಬಾಡಿಗೆ 22,000, ಆರು ತಿಂಗಳ ಅಡ್ವಾನ್ಸ್, ಖಾಲಿ ಮಾಡುವಾಗ ಪೇಂಟಿಂಗ್‌ಗೆ ಒಂದು ತಿಂಗಳ ಬಾಡಿಗೆ ಕಡಿತ. ಒಬ್ಬರದು ಇನ್ನೊಬ್ಬರಿಗೆ ಕಾಣಬಾರದು. ಎದುರಿನವರಿಗೆ ಏನು ಗೊತ್ತಿದೆ ಎಂಬುದು ತಿಳಿಯದಿದ್ದಾಗಲೇ ಪ್ರಶ್ನೆ ನಿಜವಾದ ಪ್ರಶ್ನೆಯಾಗುತ್ತದೆ. ಚೀಟಿ ಇಲ್ಲದ ರೋಲ್‌ಪ್ಲೇ ನಾಟಕದ ಸಾಲು ಒಪ್ಪಿಸಿದ ಹಾಗಾಗುತ್ತದೆ.

ಮೊದಲ ಸುತ್ತು ಮೂರು ನಿಮಿಷ. ನಿಧಾನವಾಗಿ ಮಾತಾಡಿ, ಪೇಂಟಿಂಗ್ ವಿಷಯವೊಂದನ್ನು ಮಾತ್ರ ಕೊನೆಯಲ್ಲಿ ಹಠಾತ್ತನೆ ಎತ್ತುತ್ತೇವೆ. ಉತ್ತರಕ್ಕೆ ಐದು ಸೆಕೆಂಡಿಗಿಂತ ಹೆಚ್ಚು ಮೌನ ಎರಡು ಸಲ ಆದರೆ ಕಷ್ಟ ಜಾಸ್ತಿಯಾಗಿದೆ ಎಂದು ತಿಳಿಯುತ್ತೇವೆ. ಒಮ್ಮೆಯೂ ತಡವರಿಸದಿದ್ದರೆ ತೀರಾ ಸುಲಭವಾಗಿದೆ. ತಗ್ಗಿಸಬೇಕಾದದ್ದು ವೇಗವನ್ನೇ ಹೊರತು ಆಡುಮಾತನ್ನಲ್ಲ. “ನೀರು ಬರುತ್ತದೆ” ಎಂದು ಪುಸ್ತಕದಂತೆ ಹೇಳಿ ಸುಲಭ ಮಾಡಿಕೊಟ್ಟರೆ, ನಾಳೆ ಗೇಟಿನ ಹತ್ತಿರ ಓನರ್ ಹೇಳುವ “ನೀರ್ ಬರತ್ತೆ” ಎಂಬುದು ಕಿವಿಗೆ ಹತ್ತುವುದಿಲ್ಲ.

ನಡುವೆ ತಿದ್ದುವುದಿಲ್ಲ, ತಪ್ಪುಗಳನ್ನು ಬರೆದುಕೊಳ್ಳುತ್ತೇವೆ. ಈ ಸಂದರ್ಭದಲ್ಲಿ ಸಾಮಾನ್ಯವಾಗಿ ಬರುವವು ಮೂರು. “ಎಷ್ಟು ಜನ ಇರ್ತೀರ?” ಎಂದರೆ “ಎರಡು” ಎನ್ನುತ್ತಾರೆ, ಬೇಕಾದದ್ದು “ಇಬ್ಬರು”. “ನನಗೆ ಮನೆ ಬೇಕು” ಎನ್ನುವ ಕಡೆ “ನಾನು ಮನೆ ಬೇಕು” ಬರುತ್ತದೆ. ಮೂರನೆಯದು “ಬಾಡಿಗೆ ಕಡಿಮೆ ಮಾಡು”. ಇದಕ್ಕೆ ಮಾತ್ರ ಓನರ್ ಪಾತ್ರದಲ್ಲೇ ಇದ್ದು, ಹುಬ್ಬೇರಿಸಿ “ಏನಂದ್ರಿ?” ಎಂದು ಕೇಳುತ್ತೇವೆ. ಬಹಳಷ್ಟು ಜನ ತಾವೇ “ಮಾಡಿ” ಎಂದು ತಿದ್ದಿಕೊಳ್ಳುತ್ತಾರೆ. ಹಾಗೆ ತಾವಾಗಿ ತಿದ್ದಿಕೊಂಡದ್ದು ನಾವು ಹೇಳಿಕೊಟ್ಟದ್ದಕ್ಕಿಂತ ಗಟ್ಟಿಯಾಗಿ ಉಳಿಯುವುದನ್ನು ತರಗತಿಯಲ್ಲಿ ಕಾಣುತ್ತೇವೆ.

ಸುತ್ತು ಮುಗಿದ ಮೇಲೆ ಆ ಮೂರನ್ನಷ್ಟೇ ಹೇಳಿ, ಅದೇ ಮನೆ, ಅದೇ ಓನರ್ ಇಟ್ಟುಕೊಂಡು ಮತ್ತೊಮ್ಮೆ ಆಡಿಸುತ್ತೇವೆ. ಈ ಸಲ ನಮ್ಮ ಚೀಟಿಯಲ್ಲಿ ಒಂದು ಸಾಲು ಬೇರೆ ಇರುತ್ತದೆ: ಬಾಡಿಗೆ ಇಳಿಸುವುದಿಲ್ಲ, ಬೇಕಾದರೆ ಪೇಂಟಿಂಗ್ ದುಡ್ಡು ಬಿಡುತ್ತೇನೆ.